ಕಮಲಾಪುರಗೆ, ಕಮಲಾಪುರದಲ್ಲಿ, ಕಮಲಾಪುರಕ್ಕೆ

ಚಿತ್ತವಾಡ್ಗಿಯ ಶಾಲೆಯೊಂದರಲ್ಲಿ ಬೋಧನಾಭ್ಯಾಸ ಮಾಡುವಾಗ ನನ್ನ ಪಾಲಿಗೆ ಬಂದ ವ್ಯಾಕರಣ ಪಾಠಗಳಲ್ಲಿ ವಿಭಕ್ತಿ ಪ್ರತ್ಯಯವೂ ಒಂದು. ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ ಎಂಬ ಪಟ್ಟಿ ಮಕ್ಕಳಿಗೆ ಬಾಯಿಪಾಠವಾಗಿತ್ತು. ಆದ್ದರಿಂದ ಪಟ್ಟಿಯನ್ನು ಮತ್ತೆ ಹೇಳಿಸದೆ, ಅವರಿಗೆ ಗೊತ್ತಿರುವ ಊರುಗಳ ಹೆಸರಿಟ್ಟು ಬಿಟ್ಟ ಸ್ಥಳ ತುಂಬುವ ವಾಕ್ಯಗಳನ್ನು ಕೊಟ್ಟೆ. ಅವುಗಳಲ್ಲಿ ಒಂದು ಹೀಗಿತ್ತು:

ಬಸವ ಹೊಸಪೇಟೆ____ ಕಮಲಾಪುರ____ ಬಸ್ಸು____ ಹೋದನು.

'ಹೊಸಪೇಟೆಯಿಂದ ಕಮಲಾಪುರಕ್ಕೆ ಬಸ್ಸಿನಲ್ಲಿ' ಎಂಬುದು ನಿರೀಕ್ಷಿತ ಉತ್ತರ. ಎರಡನೆಯ ಜಾಗದಲ್ಲಿ ಒಬ್ಬ ಹುಡುಗ 'ಕಮಲಾಪುರಗೆ' ಎಂದು ಬರೆದಿದ್ದ, ಒಬ್ಬ ಹುಡುಗಿ 'ಕಮಲಾಪುರದಲ್ಲಿ' ಎಂದು ಬರೆದಿದ್ದಳು. ಸರಿ–ತಪ್ಪು ಎಂದು ಗುರುತು ಹಾಕುತ್ತ ಹೋದರೆ ಇಬ್ಬರಿಗೂ ಸೊನ್ನೆ. ಆದರೆ ಆ ಎರಡು ಸೊನ್ನೆಗಳು ಒಂದೇ ಅಲ್ಲ.

ಒಂದು ಖಾಲಿ ಜಾಗ ತುಂಬಲು ಮಗು ಎರಡು ಕೆಲಸ ಮಾಡಬೇಕು. ಕ್ರಿಯಾಪದ ಯಾವ ಸಂಬಂಧವನ್ನು ಕೇಳುತ್ತಿದೆ ಎಂದು ತಿಳಿದು ವಿಭಕ್ತಿಯನ್ನು ಆರಿಸುವುದು ಮೊದಲನೆಯದು. ಆ ನಾಮಪ್ರಕೃತಿಗೆ ಪ್ರತ್ಯಯ ಯಾವ ರೂಪದಲ್ಲಿ ಹತ್ತುತ್ತದೆ ಎಂದು ತಿಳಿಯುವುದು ಎರಡನೆಯದು. ಹುಡುಗನ ವಿಭಕ್ತಿ ಸರಿ, ರೂಪ ತಪ್ಪು. ಹುಡುಗಿಯ ರೂಪ ಸರಿ, 'ದ' ಕೂಡ ಸರಿಯಾಗಿಯೇ ಬಂದಿದೆ, ವಿಭಕ್ತಿ ತಪ್ಪು.

"ಬಸ್ಸು ಹತ್ತಿದಾಗ ಕಂಡಕ್ಟರ್ ಎಲ್ಲಿಗೆ ಅಂತ ಕೇಳಿದರೆ ಏನು ಹೇಳ್ತೀಯಪ್ಪ?" ಎಂದು ಹುಡುಗನನ್ನು ಕೇಳಿದೆ. "ಕಮಲಾಪುರಕ್ಕ ಅಂತೀನ್ರಿ ಸರ್" ಎಂದ. ಅಂದರೆ ರೂಪ ಅವನ ನಾಲಿಗೆಯ ಮೇಲಿದೆ. ಪಟ್ಟಿಯಲ್ಲಿ ಚತುರ್ಥಿಯ ಎದುರು 'ಗೆ' ಎಂದಷ್ಟೇ ಓದಿದ್ದರಿಂದ, ಬರೆಯುವಾಗ ಅದನ್ನೇ ತಂದು ಅಂಟಿಸಿದ್ದಾನೆ. ಹುಡುಗಿ, "ಊರಿನ ಹೆಸರು ಬಂದ್ರ ಸಪ್ತಮೀ ಅಲ್ಲೇನ್ರಿ?" ಎಂದಳು. ಸಪ್ತಮಿ ಸ್ಥಳವನ್ನು ಹೇಳುತ್ತದೆ ಎಂದು ಕಲಿತದ್ದನ್ನು ಅವಳು ಊರಿನ ಹೆಸರಿಗೇ ಹಚ್ಚಿದ್ದಾಳೆ. ಅವಳಿಗೆ ಬೇಕಾದದ್ದು ಪಟ್ಟಿಯಲ್ಲ, ಪ್ರಶ್ನೆ. ಎಲ್ಲಿ ಇದ್ದನು, ಎಲ್ಲಿಗೆ ಹೋದನು, ಎಲ್ಲಿಂದ ಬಂದನು ಎಂದು ಕ್ರಿಯಾಪದದ ಜೊತೆ ಕೇಳಿಕೊಂಡಾಗ ಉತ್ತರವನ್ನು ತಾನೇ ತಿದ್ದಿಕೊಂಡಳು.

ರೂಪದ ಕೆಲಸಕ್ಕೆ ಕಪ್ಪುಹಲಗೆಯ ಮೇಲೆ ಊರುಗಳನ್ನು ಮಕ್ಕಳಿಂದಲೇ ವಿಂಗಡಿಸಿದೆ. ಹಂಪಿಗೆ, ಕಂಪ್ಲಿಗೆ, ಹೊಸಪೇಟೆಗೆ, ಚಿತ್ತವಾಡ್ಗಿಗೆ ಒಂದು ಕಡೆ. ಸಂಡೂರಿಗೆ ಇನ್ನೊಂದು ಕಡೆ. ಕಮಲಾಪುರಕ್ಕೆ, ಕೊಪ್ಪಳಕ್ಕೆ ಮತ್ತೊಂದು ಕಡೆ. ಇ, ಎ ಕೊನೆಯಾದರೆ 'ಗೆ'; 'ಊರು' ಎಂಬಂತೆ ಉಕಾರ ಬಿಟ್ಟುಹೋಗುವಲ್ಲಿ 'ಇಗೆ'; ನಪುಂಸಕಲಿಂಗದ ಅಕಾರಾಂತವಾದರೆ 'ಕ್ಕೆ' ಎಂದು ಮಕ್ಕಳೇ ಕಂಡುಕೊಂಡರು. 'ಕ್ಕೆ' ಹತ್ತುವ ಊರುಗಳೇ ಉಳಿದ ಕಡೆ 'ದ' ತೆಗೆದುಕೊಳ್ಳುತ್ತವೆ ಎಂಬುದನ್ನೂ ನೋಡಿದರು: ಕಮಲಾಪುರದಿಂದ, ಕಮಲಾಪುರದ, ಕಮಲಾಪುರದಲ್ಲಿ. ಪ್ರಥಮೆ, ದ್ವಿತೀಯೆಗಳಲ್ಲಿ ಮಾತ್ರ 'ವ' ಬಂದು ಕಮಲಾಪುರವು, ಕಮಲಾಪುರವನ್ನು ಆಗುತ್ತದೆ.

ಆಗ ಒಬ್ಬಳು, "ಬಸವ ಅಂದ್ರೂ ಅಕಾರಾನೇ ಅಲ್ರಿ ಸರ್, ಬಸವಕ್ಕೆ ಯಾಕಿಲ್ಲ?" ಎಂದು ಕೇಳಿದಳು. ಅಂತ್ಯಸ್ವರ ಒಂದೇ ಸಾಲದು, ಲಿಂಗವನ್ನೂ ನೋಡಬೇಕು ಎಂಬುದು ಆ ಪ್ರಶ್ನೆಯಿಂದಲೇ ಹೊರಬಂತು. ಬಸವನಿಗೆ, ಅಕ್ಕನಿಗೆ ಎಂದು ಮನುಷ್ಯರ ಹೆಸರುಗಳಲ್ಲಿ 'ನ' ಬರುತ್ತದೆ. ಉಕಾರದ ಮಾತಿಗೂ ಮಿತಿಯಿದೆ. ಊರು ಊರಿಗೆ ಆದರೂ ಗುರು ಗುರುವಿಗೆ, ಮಗು ಮಗುವಿಗೆ ಆಗುತ್ತದೆ. ಅಲ್ಲಿ ಉಕಾರ ಬಿಡುವುದಿಲ್ಲ.

ಇನ್ನೊಂದು ಮಾತು ಪ್ರಶ್ನೆ ರಚಿಸುವವರಿಗೆ ಸೇರಿದ್ದು. 'ಅಜ್ಜಿ ಹೊಸಪೇಟೆ____ ಬಂದಳು' ಎಂದು ಕೊಟ್ಟರೆ 'ಗೆ' ಎಂದರೂ ಸರಿ, 'ಯಿಂದ' ಎಂದರೂ ಸರಿ. 'ಅಜ್ಜಿ ಹೊಸಪೇಟೆ____ ಹೊರಟು ಸಂಜೆ ಸಂಡೂರು____ ತಲುಪಿದಳು' ಎಂದಾಗ ಮೊದಲ ಜಾಗವೂ ಪೂರ್ತಿ ಗಟ್ಟಿಯಾಗುವುದಿಲ್ಲ, ಏಕೆಂದರೆ ಹೊಸಪೇಟೆಗೆ ಹೊರಟೂ ಸಂಡೂರನ್ನು ತಲುಪಬಹುದು. ಎರಡನೆಯದರಲ್ಲಿ ಸಂಡೂರನ್ನು, ಸಂಡೂರಿಗೆ, ಬರೀ ಸಂಡೂರು ಮೂರೂ ಬಳಕೆಯಲ್ಲಿವೆ. ಅಪ್ರಾಣಿವಾಚಕ ಕರ್ಮಪದದಲ್ಲಿ 'ಅನ್ನು' ಬಿಟ್ಟು 'ನೀರು ಕುಡಿದ' ಎನ್ನುವುದು ಕನ್ನಡದ ಸಹಜ ರೀತಿ. 'ಅನ್ನು' ಪರೀಕ್ಷಿಸಬೇಕಾದರೆ 'ಬಸವ ತಮ್ಮ____ ಎತ್ತಿಕೊಂಡನು' ಎಂಬಂಥ, ಪ್ರತ್ಯಯ ಬಿಡಲಾಗದ ವಾಕ್ಯ ಬೇಕು.

ಈಗ ನಾನು ಪ್ರತಿ ಖಾಲಿ ಜಾಗಕ್ಕೆ ವಿಭಕ್ತಿ, ರೂಪ ಎಂದು ಎರಡು ಅರ್ಧ ಅಂಕ ಇಟ್ಟು ಬೇರೆ ಬೇರೆ ಕಾಲಮ್ಮಿನಲ್ಲಿ ಬರೆಯುತ್ತೇನೆ. ರೂಪದ ಕಾಲಮ್ಮಿನಲ್ಲಿ ಅಂಕ ಹೋದವರಿಗೆ ಮೊದಲು ವಾಕ್ಯವನ್ನು ಬಾಯಲ್ಲಿ ಹೇಳಿಸುತ್ತೇನೆ; ವಿಭಕ್ತಿಯ ಕಾಲಮ್ಮಿನಲ್ಲಿ ಹೋದವರಿಗೆ ಕ್ರಿಯಾಪದ ಹಿಡಿದು ಪ್ರಶ್ನೆ ಕೇಳಿಸುತ್ತೇನೆ.