ತೇರಿನ ಅಚ್ಚಿನ ಲೆಕ್ಕ

ಹೂವಿಗೆ, ದಾಸೋಹಕ್ಕೆ, ಮೈಕಿಗೆ ದಾನಿಗಳು ಸಿಗುತ್ತಾರೆ. ಹಲಗೆಯ ಮೇಲೆ ಹೆಸರು ಬರುತ್ತದಲ್ಲ! ತೇರಿನ ಅಚ್ಚು, ಗಾಲಿ ನೋಡಿಸುವ ಖರ್ಚಿಗೆ ಯಾರೂ ಮುಂದೆ ಬರುವುದಿಲ್ಲ. 2017ರಲ್ಲಿ ಕೊಟ್ಟೂರಿನ ತೇರು ಉರುಳಿದ್ದನ್ನು ನಮ್ಮ ಸೀಮೆಯವರು ಮರೆತಿಲ್ಲ.

ನಮ್ಮ ಓಣಿಯ ಜಾತ್ರೆ ಕಮಿಟಿಯ ಹುಡುಗರು ದಾನಿಗಳಿಗೆ ತೋರಿಸಲು ಕಂಪ್ಯೂಟರಿನಲ್ಲಿ ಮಾಡಿದ್ದ ಪುಟಗಳಲ್ಲಿ ಆ 9,000 ರೂಪಾಯಿಯನ್ನು ಮನೆಮನೆಯ ಪಟ್ಟಿ ಹಣಕ್ಕೆ ಹಾಕಿದ್ದರು. ಹೋದ ವರ್ಷದ ಜಮೆ 40,000 ಎಂದಿತ್ತು.

"ಇದು ಬರೆಸಿದ್ದೋ, ಬಂದದ್ದೋ?" ಎಂದೆ.

"ಬರೆಸಿದ್ದು, ಟೀಚರ್."

ರಸೀದಿ ಕೂಡಿಸಿದರೆ 31,000. ಕೊರತೆ ಸರಿಯಾಗಿ ಅಚ್ಚಿನ ಹಣದಷ್ಟೇ!

ಬರೆಸಿದ್ದಕ್ಕೆ, ಬಂದದ್ದಕ್ಕೆ ಬೇರೆ ಬೇರೆ ಕಾಲಂ ಹಾಕಿಸಿದೆ. 'ಮಹಾಪೋಷಕರು' ದರ್ಜೆಯ ಮೊದಲ ಬಾಬು ಅಚ್ಚು-ಗಾಲಿ ಎಂದು ಬರೆಸಿದೆ. ಕೈಗೆ ಬಂದ ಮೊದಲ ರೊಕ್ಕ ಬಡಿಗೇರರಿಗೆ, ಹೂವು ಆಮೇಲೆ.