ಆಪಾ ಕಳಿಸಿದ ಸ್ಕ್ರೀನ್‌ಶಾಟ್

ಕಳೆದ ತಿಂಗಳು ಒಂದು ರಾತ್ರಿ ಊಟ ಮುಗಿಸಿ ಹಾಸ್ಟೆಲ್ ಕೋಣೆಗೆ ಬಂದಾಗ ಆಪಾಳ ವಾಟ್ಸಾಪ್ ಸಂದೇಶ ಬಂದಿತ್ತು. ಅವಳು ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಳೆ, ನಾಲ್ಕು ದಿನದಲ್ಲಿ ಪ್ರಾಜೆಕ್ಟ್ ವರದಿ ಒಪ್ಪಿಸಬೇಕಿತ್ತು. ಆದರೆ ಲ್ಯಾಪ್‌ಟಾಪ್‌ನಲ್ಲಿ ಒಂದು ಫೈಲ್ ತೆರೆಯಲು ಐದು ನಿಮಿಷ ಬೇಕಾಗುತ್ತಿತ್ತು. ರಿಪೇರಿ ಅಂಗಡಿಯವರು ಟಾಸ್ಕ್ ಮ್ಯಾನೇಜರ್ ತೆರೆದು, ಡಿಸ್ಕ್ 100% ಎಂದಿರುವುದನ್ನು ತೋರಿಸಿ, "ಹಾರ್ಡ್ ಡಿಸ್ಕ್ ಹೋಗಿದೆ, ಬದಲಾಯಿಸಬೇಕು" ಎಂದಿದ್ದರಂತೆ. ಅಬ್ಬಾ ಹಣ ಹೊಂದಿಸಲು ಹೊರಟಿದ್ದರು.

"ನೀನು ಕಂಪ್ಯೂಟರ್ ಸೈನ್ಸ್ ಓದ್ತಿದ್ದೀಯಲ್ಲ, ಸ್ವಲ್ಪ ನೋಡು" ಎಂದು ಆಪಾ ಪರದೆಯ ಚಿತ್ರ ಕಳಿಸಿದಳು.

ಆ ಚಿತ್ರದಿಂದ ನನಗೆ ಏನೂ ತಿಳಿಯಲಿಲ್ಲ. ಸಾಲುಗಳು ಹೆಸರಿನ ಅನುಕ್ರಮದಲ್ಲಿದ್ದವು, ಕೆಳಗಿನ ಅರ್ಧ ಪಟ್ಟಿ ಕಾಣುತ್ತಿರಲಿಲ್ಲ. ಅಪರಾಧಿ ಆ ಕಾಣದ ಭಾಗದಲ್ಲೇ ಇರಬಹುದು. ಹಾಗಾಗಿ `Disk` ಎಂಬ ತಲೆಬರಹದ ಮೇಲೆ ಒಮ್ಮೆ ಕ್ಲಿಕ್ ಮಾಡಿ, ಹೆಚ್ಚು ಬಳಸುವುದು ಮೇಲೆ ಬಂದಾಗ ಒಂದು ಚಿತ್ರ, `Memory` ಮೇಲೆ ಕ್ಲಿಕ್ ಮಾಡಿ ಇನ್ನೊಂದು ಚಿತ್ರ ಕಳಿಸು ಎಂದೆ.

ಡಿಸ್ಕ್ ಚಿತ್ರದಲ್ಲಿ ಮೊದಲ ಸಾಲು `System`, 1.6 MB/s. ಎರಡನೆಯದು `Antimalware Service Executable`, 0.4 MB/s. ಇಲ್ಲಿ ನಾನು ಎಡವಿದೆ. ವೈರಸ್ ಸ್ಕ್ಯಾನ್‌ನದೇ ಕಾಟ ಎಂದು ಅದನ್ನು ಆರಿಸಿ `End task` ಒತ್ತಲು ಹೇಳಿದೆ. ವಿಂಡೋಸ್ ಒಪ್ಪಲಿಲ್ಲ. ಒಪ್ಪದಿದ್ದುದೇ ಒಳ್ಳೆಯದಾಯಿತು.

ಮತ್ತೆ ಚಿತ್ರ ನೋಡುತ್ತಾ ಕುಳಿತಾಗ ಒಂದು ವಿಷಯ ಹೊಂದಿಕೆಯಾಗಲಿಲ್ಲ. ಎಲ್ಲ ಸಾಲುಗಳನ್ನು ಕೂಡಿಸಿದರೂ 2.5 MB/s ದಾಟುವುದಿಲ್ಲ, ಆದರೂ ಮೇಲೆ 100% ಎಂದಿದೆ! ಆ ಶೇಕಡಾವಾರು ಡಿಸ್ಕ್ ಎಷ್ಟು ತುಂಬಿದೆ ಎಂಬುದರ ಲೆಕ್ಕವಲ್ಲ, ಎಷ್ಟು ವೇಗವಾಗಿ ಓಡುತ್ತಿದೆ ಎಂಬುದೂ ಅಲ್ಲ. ಡಿಸ್ಕ್ ಎಷ್ಟು ಹೊತ್ತು ಬಿಡುವಿಲ್ಲದೆ ಇತ್ತು ಎಂಬ ಲೆಕ್ಕ ಅದು. ಹಳೆಯ ತಿರುಗುವ ಹಾರ್ಡ್ ಡಿಸ್ಕ್‌ನಲ್ಲಿ ದೊಡ್ಡ ಫೈಲನ್ನು ಒಂದೇ ಸಮನೆ ಓದಿದರೆ ಸೆಕೆಂಡಿಗೆ ಹತ್ತಾರು ಎಂ.ಬಿ. ಸಿಗುತ್ತದೆ. ಅದೇ ಚಿಕ್ಕ ಚಿಕ್ಕ ತುಣುಕುಗಳನ್ನು ಅಲ್ಲೊಂದು ಇಲ್ಲೊಂದು ಹುಡುಕಿ ತರಬೇಕಾದರೆ ಅದರ ಮುಳ್ಳು ಓಡಾಡುವುದರಲ್ಲೇ ಸಮಯ ಕಳೆಯುತ್ತದೆ. ನಮ್ಮ ಲೈಬ್ರರಿಯಲ್ಲಿ ಒಂದೊಂದೇ ಪುಸ್ತಕಕ್ಕೆ ಬೇರೆ ಬೇರೆ ಕಪಾಟಿಗೆ ಓಡಿದ ಹಾಗೆ.

ಹಾಗಾದರೆ `System` ಯಾಕೆ ಅಷ್ಟು ಓಡಾಡುತ್ತಿದೆ? ಉತ್ತರ ಎರಡನೆಯ ಚಿತ್ರದಲ್ಲಿತ್ತು. ಆ ಲ್ಯಾಪ್‌ಟಾಪ್‌ನ ರ‍್ಯಾಮ್ 4 ಜಿಬಿ. ಮೆಮೊರಿ 92% ತುಂಬಿತ್ತು, ಮೊದಲ ಸಾಲಿನಲ್ಲಿ ಬ್ರೌಸರ್, ಅದರ ಹೆಸರಿನ ಪಕ್ಕ (27), ಗಾತ್ರ 1,480 MB. ಆ 27 ಎಂಬುದು ತೆರೆದ ಟ್ಯಾಬ್‌ಗಳ ಸಂಖ್ಯೆಯಲ್ಲ, ಒಳಗೆ ಓಡುತ್ತಿರುವ ಪ್ರೊಸೆಸ್‌ಗಳ ಸಂಖ್ಯೆ. ಕೆಳಗೆ, ಯಾರೂ ತೆರೆಯದಿದ್ದರೂ ತಾನೇ ಶುರುವಾಗುವ ಒಂದು ಮೀಟಿಂಗ್ ಆ್ಯಪ್ 390 MB ಹಿಡಿದು ಕುಳಿತಿತ್ತು. ರ‍್ಯಾಮ್‌ನಲ್ಲಿ ಜಾಗವಿಲ್ಲದಾಗ ವಿಂಡೋಸ್ ಕೆಲವು ಭಾಗಗಳನ್ನು ಡಿಸ್ಕ್‌ನಲ್ಲಿರುವ `pagefile.sys` ಎಂಬ ಫೈಲಿಗೆ ಸಾಗಿಸುತ್ತದೆ, ಬೇಕಾದಾಗ ವಾಪಸು ತರುತ್ತದೆ. ಈ ಓಡಾಟ ಬ್ರೌಸರ್ ಹೆಸರಿನಲ್ಲಿ ಅಲ್ಲ, `System` ಹೆಸರಿನಲ್ಲಿ ಕಾಣಬಹುದು. ತಿಂದವನು ಒಬ್ಬ, ಬಿಲ್ಲು ಇನ್ನೊಬ್ಬನದು.

ಇದು ನನ್ನ ಊಹೆ ಮಾತ್ರವಾಗಿತ್ತು. ಖಚಿತಪಡಿಸಿಕೊಳ್ಳಲು ಇನ್ನೆರಡು ಚಿತ್ರ ಕೇಳಿದೆ. `Performance` ಪುಟದ ಮೆಮೊರಿ ವಿಭಾಗದಲ್ಲಿ `Committed` ಎದುರು 6.9/7.2 GB ಇತ್ತು, ಅಂದರೆ ಪೇಜ್‌ಫೈಲ್ ಸೇರಿಸಿದರೂ ಜಾಗ ಮುಗಿಯುತ್ತಾ ಬಂದಿತ್ತು. ಅದೇ ಪುಟದ ಕೆಳಗಿನ `Open Resource Monitor` ಒತ್ತಿ ಡಿಸ್ಕ್ ಪುಟಕ್ಕೆ ಹೋದರೆ ಯಾವ ಫೈಲನ್ನು ಓದುತ್ತಿದೆ ಎಂಬುದೂ ಕಾಣುತ್ತದೆ. ಅಲ್ಲಿ ಎಲ್ಲಕ್ಕಿಂತ ಮೇಲೆ ಇದ್ದದ್ದು `C:\pagefile.sys`.

ಆದರೂ ಅಂಗಡಿಯವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಕೆಡುತ್ತಿರುವ ಡಿಸ್ಕ್ ಕೂಡ ಹೀಗೆಯೇ 100% ಮತ್ತು ಕಡಿಮೆ MB/s ತೋರಿಸುತ್ತದೆ. ವ್ಯತ್ಯಾಸ ತಿಳಿಯಲು ಮೆಮೊರಿ ಖಾಲಿ ಮಾಡಿ ನೋಡಬೇಕು. ಆಗಲೂ ಡಿಸ್ಕ್ ಇಳಿಯದಿದ್ದರೆ ಅದನ್ನೇ ಅನುಮಾನಿಸಬೇಕು. ಏನೇ ಇರಲಿ, ಮೊದಲು ವರದಿಯನ್ನು ಪೆನ್‌ಡ್ರೈವ್‌ಗೆ ಹಾಕಿಕೋ ಎಂದೆ. ಆಮೇಲೆ ಆಪಾ ಬ್ರೌಸರ್ ಮುಚ್ಚಿದಳು, `Startup` ಪುಟದಲ್ಲಿ ಆ ಮೀಟಿಂಗ್ ಆ್ಯಪ್ ಅನ್ನು ನಿಷ್ಕ್ರಿಯಗೊಳಿಸಿ ಲ್ಯಾಪ್‌ಟಾಪ್ ಮರುಪ್ರಾರಂಭಿಸಿದಳು. ಕೂಡಲೇ ಚಿತ್ರ ಕಳಿಸಲು ಹೊರಟವಳನ್ನು ಹತ್ತು ನಿಮಿಷ ತಡೆದೆ. ಆನ್ ಆದ ಹೊಸದರಲ್ಲಿ ಯಾವ ಡಿಸ್ಕೂ ಓಡಾಡುತ್ತಲೇ ಇರುತ್ತದೆ, ಆ ಕ್ಷಣದ ಚಿತ್ರ ದಾರಿ ತಪ್ಪಿಸುತ್ತದೆ.

ಹತ್ತು ನಿಮಿಷದ ನಂತರದ ಚಿತ್ರದಲ್ಲಿ ಮೆಮೊರಿ 54%, ಡಿಸ್ಕ್ 3%. ನಿಮಿಷ ಬಿಟ್ಟು ಕಳಿಸಿದ ಇನ್ನೆರಡರಲ್ಲೂ ಹೆಚ್ಚುಕಮ್ಮಿ ಅಷ್ಟೇ.

ವರದಿ ಸಮಯಕ್ಕೆ ಪ್ರಿಂಟ್ ಆಯಿತು. 4 ಜಿಬಿ ಈಗಿನ ಬ್ರೌಸರ್‌ಗಳಿಗೆ ಸಾಲದು ಎಂಬುದೇನೂ ಬದಲಾಗಿಲ್ಲ, ಹತ್ತು ಟ್ಯಾಬ್ ತೆರೆದರೆ ಮತ್ತೆ ಅದೇ ಪಾಡು. ಅದಕ್ಕೇ ಅಬ್ಬಾ ಈಗ ಹಾರ್ಡ್ ಡಿಸ್ಕ್‌ನ ಬದಲು ಇನ್ನೊಂದು 4 ಜಿಬಿ ರ‍್ಯಾಮ್‌ನ ಬೆಲೆ ವಿಚಾರಿಸುತ್ತಿದ್ದಾರೆ.