ಶೋರಾಪುರ ಎಂಬ ಹಳೆಯ ಹೆಸರು

ನಮ್ಮ ಸುರಪುರಕ್ಕೆ ಕನ್ನಡದಲ್ಲಿ ಒಂದೇ ಹೆಸರು, ಇಂಗ್ಲಿಷಿನಲ್ಲಿ ಮಾತ್ರ ಮೂರು. ಬಸ್ಸಿನ ಬೋರ್ಡಿನಲ್ಲಿ Surpur, ಕೆಲವು ಕಾಗದಪತ್ರಗಳಲ್ಲಿ Surapur, ವಿಧಾನಸಭಾ ಕ್ಷೇತ್ರದ ಪಟ್ಟಿಯಲ್ಲಿ ಇಂದಿಗೂ Shorapur. ಊರಿನವರಿಗೆ ಇದರಿಂದ ತೊಂದರೆಯೇನಿಲ್ಲ, ಬರೆದದ್ದು ಹೇಗಿದ್ದರೂ ಮನುಷ್ಯರು ಅರ್ಥ ಮಾಡಿಕೊಳ್ಳುತ್ತಾರೆ. ಯಂತ್ರ ಹಾಗಲ್ಲ. ಅದು ನನಗೆ ತಿಳಿದದ್ದು ಒಬ್ಬ ಅಕ್ಕನ ಫೋನಿನಿಂದ.

ಪಿಎಚ್.ಡಿ. ಕೆಲಸಕ್ಕಾಗಿ ನಾನು ಯಾದಗಿರಿ, ಶಹಾಪುರ, ಸುರಪುರ ಕಡೆಯ ತೆರೆದ ಬಾವಿಗಳ ನೀರಿನ ಮಟ್ಟ ದಾಖಲಿಸುವ ಒಂದು ಸಣ್ಣ ಆ್ಯಪ್ ಮಾಡಿಕೊಂಡಿದ್ದೆ. ಹದಿನಾಲ್ಕು ಮಂದಿ ಹಳ್ಳಿಗಳಲ್ಲಿ ಹಗ್ಗ ಇಳಿಬಿಟ್ಟು ಅಳೆದು, ಫೋನಿನಲ್ಲಿ ಬರೆಯುತ್ತಿದ್ದರು. ಸುರಪುರದ ಗುಡ್ಡಗಳ ಹಿಂದೆ ನೆಟ್‌ವರ್ಕ್ ಸಿಗುವುದಿಲ್ಲ. ಅದಕ್ಕೇ ಅಲ್ಲಿಗೆ ಮಾತ್ರ ಒಂದು ಸೌಲಭ್ಯ ಸೇರಿಸಿದೆ: ದಾಖಲೆ ಮೊದಲು ಫೋನಿನಲ್ಲೇ ಉಳಿಯಲಿ, ನೆಟ್‌ವರ್ಕ್ ಸಿಕ್ಕಾಗ ಸರ್ವರಿಗೆ ಹೋಗಲಿ. ಇಂಥ ಸೌಲಭ್ಯವನ್ನು ಕೋಡ್ ಬದಲಿಸದೆಯೇ ಹೊರಗಿನಿಂದ ಹಾಕಿ ತೆಗೆಯುವ ಸ್ವಿಚ್ಚಿಗೆ ಫೀಚರ್ ಫ್ಲ್ಯಾಗ್ ಅನ್ನುತ್ತಾರೆ. ನನ್ನ ಸ್ವಿಚ್ಚಿನ ಹೆಸರು `shorapur_offline`. ತಾಲ್ಲೂಕುಗಳ ಹೆಸರನ್ನು ಯಾವುದೋ ಹಳೆಯ ಪಟ್ಟಿಯಿಂದ ಎತ್ತಿಕೊಂಡಿದ್ದೆ, ಆ ಕಾಗುಣಿತ ಹಾಗೇ ಬಂತು.

ವರ್ಷ ಕಳೆಯುವಷ್ಟರಲ್ಲಿ ಸೌಲಭ್ಯ ಶಹಾಪುರಕ್ಕೂ ಯಾದಗಿರಿಗೂ ಬಂತು. ಇತ್ತ ಸುರಪುರದಿಂದ ಹುಣಸಗಿ ಎಂದೋ ಬೇರೆ ತಾಲ್ಲೂಕಾಗಿತ್ತು. ಹೆಸರು ಒಂದು ಹೇಳುತ್ತಿತ್ತು, ಸ್ವಿಚ್ಚು ಇನ್ನೊಂದು ಮಾಡುತ್ತಿತ್ತು. ಒಂದು ರಾತ್ರಿ ಕುಳಿತು ಹುಡುಕಿ, ಹನ್ನೊಂದು ಕಡೆ ಹೆಸರು ಸಿಕ್ಕಿತು, ಹನ್ನೊಂದನ್ನೂ `offline_save` ಎಂದು ಬದಲಿಸಿ, ಸರ್ವರಿಗೆ ಹಾಕಿ ಮಲಗಿದೆ. ಬೆಳಿಗ್ಗೆ ಡ್ಯಾಶ್‌ಬೋರ್ಡ್ ನೋಡಿದರೆ ಫೋನುಗಳಲ್ಲಿ ಬಾಕಿ ಉಳಿದ ದಾಖಲೆ ಸೊನ್ನೆ. ಎಲ್ಲವೂ ಬಂದು ಸೇರಿವೆ ಅಂದುಕೊಂಡು ಖುಷಿಪಟ್ಟೆ.

ನಾಲ್ಕನೆಯ ದಿನ ಅಕ್ಕ ಫೋನ್ ಮಾಡಿದರು. "ಯಾಕ ತಮ್ಮಾ, ಮೂರ್ ದಿನದ್ದು ನಾ ಬರದಿದ್ದೆಲ್ಲಾ ಎಲ್ಲಿ ಹೋತು?"

ಎಲ್ಲಿ ಹೋಯಿತೆಂದರೆ, ಎಲ್ಲಿಗೂ ಹೋಗಲಿಲ್ಲ. ಅವರ ಫೋನಿನಲ್ಲಿದ್ದದ್ದು ಹಳೆಯ ಆ್ಯಪ್. ಅದು ಸುರಪುರ ಬಸ್ ನಿಲ್ದಾಣದಲ್ಲಿ ನೆಟ್‌ವರ್ಕ್ ಸಿಕ್ಕಾಗ ಸರ್ವರಿನಿಂದ ಹೊಸ ಸಂರಚನೆ ತರಿಸಿಕೊಂಡು, ಅದರಲ್ಲಿ `shorapur_offline` ಹುಡುಕಿದೆ. ನಾನು ಅದನ್ನು ಅಳಿಸಿದ್ದೆ. ಹೆಸರು ಸಿಗದಿದ್ದರೆ ಸ್ವಿಚ್ಚು ಆರಿದೆ ಎಂದು ತಿಳಿದುಕೋ ಎಂದು ನಾನೇ ಬರೆದಿಟ್ಟಿದ್ದೆ. ಹಾಗಾಗಿ ಹಳ್ಳಿಯಲ್ಲಿ ಅಕ್ಕ ಬರೆದದ್ದನ್ನೆಲ್ಲ ಆ್ಯಪ್ ನೇರವಾಗಿ ಕಳಿಸಲು ನೋಡಿ, ಸೋತು, ಬಿಟ್ಟುಬಿಟ್ಟಿತು. ಡ್ಯಾಶ್‌ಬೋರ್ಡಿನ ಸೊನ್ನೆಯ ಕಥೆಯೂ ಅದೇ. ಸರ್ವರ್ ಲೆಕ್ಕವನ್ನು ಹೊಸ ಹೆಸರಿನಲ್ಲಿ ಬರೆಯುತ್ತಿತ್ತು, ಡ್ಯಾಶ್‌ಬೋರ್ಡ್ ಹಳೆಯ ಹೆಸರಿನಲ್ಲಿ ಕೇಳುತ್ತಿತ್ತು. ಅದರ ಪ್ರಶ್ನೆಗಳು ಕೋಡಿನ ಜೊತೆ ಇರುವುದಿಲ್ಲ, ಅದರದೇ ಡೇಟಾಬೇಸಿನಲ್ಲಿರುತ್ತವೆ. ನನ್ನ ಹುಡುಕಾಟ ಅಲ್ಲಿಗೆ ಹೋಗಿಯೇ ಇರಲಿಲ್ಲ. ಉತ್ತರವಿಲ್ಲದ ಕಡೆ ಸೊನ್ನೆ ತೋರಿಸು ಎಂದು, ಚೆಂದ ಕಾಣಲಿ ಅಂತ, ನಾನೇ ಹೇಳಿಟ್ಟಿದ್ದೆ. 'ಏನೂ ಇಲ್ಲ' ಎಂಬುದಕ್ಕೂ 'ಗೊತ್ತಿಲ್ಲ' ಎಂಬುದಕ್ಕೂ ಒಂದೇ ಅಂಕಿ ಕೊಟ್ಟರೆ ಹೀಗೇ ಆಗುವುದು.

ಇಪ್ಪತ್ತಮೂರು ದಾಖಲೆ. ಅಂದಿನ ನೀರಿನ ಮಟ್ಟವನ್ನು ಇಂದು ಅಳೆಯಲಾಗುವುದಿಲ್ಲ.

ಹಳೆಯ ಹೆಸರನ್ನು ವಾಪಸ್ ಹಾಕಿ, ಎರಡನೆಯ ಸಲ ಬೇರೆ ಥರ ಶುರುಮಾಡಿದೆ. ಮೊದಲು ಹುಡುಕಾಟ. ಪೂರ್ತಿ ಹೆಸರನ್ನಲ್ಲ, ತುಂಡುಗಳನ್ನು: `shorapur` ಬೇರೆ, `_offline` ಬೇರೆ, ದೊಡ್ಡಕ್ಷರದ `SHORAPUR` ಬೇರೆ. ಆಗ ಸಿಕ್ಕಿತು ಹನ್ನೆರಡನೆಯದು. ರಾತ್ರಿ ಓಡುವ ಒಂದು ಸ್ಕ್ರಿಪ್ಟ್ ಹೆಸರನ್ನು `taluk + "_offline"` ಎಂದು ಅಲ್ಲೇ ಕಟ್ಟಿಕೊಳ್ಳುತ್ತಿತ್ತು. ಹೀಗೆ ಜೋಡಿಸಿದ ಹೆಸರು ಯಾವ ಫೈಲಿನಲ್ಲೂ ಇಡಿಯಾಗಿ ಇರುವುದೇ ಇಲ್ಲ. ಡ್ಯಾಶ್‌ಬೋರ್ಡ್‌ಗಳನ್ನೂ ಎಚ್ಚರಿಕೆಯ ನಿಯಮಗಳನ್ನೂ ಜೆಸಾನ್ ಫೈಲಾಗಿ ಇಳಿಸಿಕೊಂಡು ಅವುಗಳಲ್ಲೂ ಹುಡುಕಿದೆ.

ಆಮೇಲೆ ಬದಲಾವಣೆ. ಈ ಸಲ ಹಳೆಯದನ್ನು ತೆಗೆಯಲಿಲ್ಲ, ಹೊಸದನ್ನು ಪಕ್ಕದಲ್ಲಿಟ್ಟೆ. ಸಂರಚನೆಯಲ್ಲಿ ಎರಡು ಹೆಸರಿಗೂ ಒಂದೇ ಬೆಲೆ. ಹೊಸ ಆ್ಯಪಿನಲ್ಲಿ ಹೀಗೆ:

```js
return cfg["offline_save"]
    ?? cfg["shorapur_offline"]
    ?? false;
```

ಇಲ್ಲಿ `??` ಬದಲು `||` ಬರೆದರೆ ಒಂದು ಸೂಕ್ಷ್ಮ ತಪ್ಪಾಗುತ್ತದೆ. ಹೊಸ ಸ್ವಿಚ್ಚನ್ನು ಬೇಕೆಂದೇ ಆರಿಸಿದ್ದರೂ, ಹಳೆಯದು ಹತ್ತಿದ್ದರೆ ಅದೇ ಗೆಲ್ಲುತ್ತದೆ. `??` ಹಾಗಲ್ಲ, ಹೊಸ ಹೆಸರು ಇಲ್ಲವೇ ಇಲ್ಲ ಎಂದಾಗ ಮಾತ್ರ ಹಳೆಯದನ್ನು ನೋಡುತ್ತದೆ. ಡ್ಯಾಶ್‌ಬೋರ್ಡಿನಲ್ಲೂ `flag=~"shorapur_offline|offline_save"` ಎಂದು ಎರಡನ್ನೂ ಕೇಳಿದೆ, ಖಾಲಿ ಉತ್ತರ ಖಾಲಿಯಾಗಿಯೇ ಕಾಣುವಂತೆ ಮಾಡಿದೆ.

ಶಹಾಪುರದಲ್ಲಿ ಇನ್ನೊಂದು ಸಿಕ್ಕು ಇತ್ತು. ಅಲ್ಲಿ ಸೌಲಭ್ಯವನ್ನು ಅರ್ಧ ಫೋನುಗಳಿಗೆ ಮಾತ್ರ ಕೊಟ್ಟು ಹೋಲಿಸಿ ನೋಡುತ್ತಿದ್ದೆ. ಯಾವ ಅರ್ಧ ಎಂಬುದು ಫ್ಲ್ಯಾಗಿನ ಹೆಸರನ್ನೂ ಫೋನಿನ ಗುರುತನ್ನೂ ಸೇರಿಸಿ ಹ್ಯಾಶ್ ಮಾಡಿ ಬಂದ ಅಂಕಿಯಿಂದ ತೀರ್ಮಾನವಾಗುತ್ತಿತ್ತು. ಅನೇಕ ಫ್ಲ್ಯಾಗ್ ವ್ಯವಸ್ಥೆಗಳು ಹೀಗೇ ಮಾಡುತ್ತವೆ. ಹೆಸರು ಬದಲಾದರೆ ಅಂಕಿ ಬದಲಾಗುತ್ತದೆ, ಶೇಕಡಾ 50 ಎಂಬುದು 50 ಆಗಿಯೇ ಉಳಿಯುತ್ತದೆ, ಆದರೆ ಆ ಐವತ್ತರಲ್ಲಿ ಇರುವವರು ಬೇರೆಯವರು. ಅಂಕಿ ಸರಿಯಾಗಿಯೇ ಕಾಣುವುದರಿಂದ ಇದು ಕಣ್ಣಿಗೆ ಬೀಳುವುದಿಲ್ಲ. ಹ್ಯಾಶಿಗೆ ಮಾತ್ರ ಹಳೆಯ ಹೆಸರನ್ನೇ ಬಿಟ್ಟೆ.

ಇನ್ನು ಉಳಿದದ್ದು ಕಾಯುವುದು. ಫೋನು ಸಂರಚನೆ ಕೇಳಿದಾಗಲೆಲ್ಲ ಅದರ ಆ್ಯಪ್ ಯಾವ ಆವೃತ್ತಿಯದು ಎಂದು ಸರ್ವರಿನಲ್ಲಿ ಬರೆದುಕೊಳ್ಳತೊಡಗಿದೆ. ಹಳೆಯ ಹೆಸರನ್ನು ಕೇಳುವವರು ಹದಿನಾಲ್ಕು, ಒಂಬತ್ತು, ಮೂರು, ಒಂದು. ಎರಡು ವಾರ ಯಾರೂ ಕೇಳಲಿಲ್ಲ. ಅಳಿಸಿಬಿಡಲು ಕೈ ತುರಿಸುತ್ತಿತ್ತು. ಆದರೆ ಪಟ್ಟಿಯಲ್ಲಿ ಹೊಸ ಆ್ಯಪ್ ಹಾಕಿಕೊಂಡವರು ಹದಿಮೂರೇ ಮಂದಿ. ಹದಿನಾಲ್ಕನೆಯ ಹುಡುಗಿ ಗಂಡನ ಜೊತೆ ಬೆಂಗಳೂರಿಗೆ ದುಡಿಯಲು ಹೋಗಿದ್ದಳು, ಸಮೀಕ್ಷೆಯ ಫೋನು ಅತ್ತೆಯ ಟ್ರಂಕಿನಲ್ಲಿತ್ತು. ಕೇಳುವವರಿಲ್ಲ ಎಂಬ ಲೆಕ್ಕ ಸಾಲದು, ಇರುವವರೆಲ್ಲ ಬಂದು ಹೋದರೇ ಎಂಬುದನ್ನೂ ನೋಡಬೇಕು. ಆರನೆಯ ವಾರ ಆ ಫೋನು ಚಾರ್ಜಾಗಿ ಎದ್ದು ಮೊದಲು ಕೇಳಿದ್ದೇ `shorapur_offline`. ಟ್ರಂಕಿಗೆ ಹೋಗುವ ಮುಂಚೆ ಬರೆದ ಒಂಬತ್ತು ದಾಖಲೆಗಳು ಅದರೊಳಗಿದ್ದವು, ಒಂಬತ್ತೂ ಬಂದವು.

ಅದಾದ ಮೇಲೆ ಹಳೆಯ ಹೆಸರನ್ನು ಸಂರಚನೆಯಿಂದ ತೆಗೆದು, ಯಾರಾದರೂ ಕೋಡಿನಲ್ಲಿ ಮತ್ತೆ ಬರೆದರೆ ಪರೀಕ್ಷೆ ನಿಲ್ಲುವಂತೆ ಒಂದು ಸಾಲು ಸೇರಿಸಿದೆ. ಮರುಬಳಕೆಯಂತೂ ಇಲ್ಲವೇ ಇಲ್ಲ. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟಿನ ಕಂಪನಿ ಬಳಕೆ ತಪ್ಪಿದ ಹಳೆಯ ಫ್ಲ್ಯಾಗೊಂದನ್ನು ಹೊಸ ಕೆಲಸಕ್ಕೆ ಹಚ್ಚಿತು. ಎಂಟು ಸರ್ವರುಗಳಲ್ಲಿ ಒಂದಕ್ಕೆ ಹೊಸ ಕೋಡ್ ಹೋಗಿರಲಿಲ್ಲ, ಅಲ್ಲಿ ಆ ಫ್ಲ್ಯಾಗ್ ವರ್ಷಗಳ ಹಿಂದಿನ ಕೋಡನ್ನು ಎಬ್ಬಿಸಿತು. ಸುಮಾರು 45 ನಿಮಿಷದಲ್ಲಿ 46 ಕೋಟಿ ಡಾಲರಿಗೂ ಹೆಚ್ಚು ಹೋಯಿತು.

ಹಳೆಯ ಹೆಸರು ಈಗ ಮೂರು ಕಡೆ ಇದೆ, ಮೂರೂ ಗೊತ್ತಿದ್ದೇ ಬಿಟ್ಟದ್ದು: ಶಹಾಪುರದ ಹ್ಯಾಶಿನಲ್ಲಿ, ತಡೆಯುವ ಆ ಪರೀಕ್ಷೆಯಲ್ಲಿ, ಹಿಂದಿನ ವರ್ಷದ ಗೆರೆ ಎಳೆಯುವ ಡ್ಯಾಶ್‌ಬೋರ್ಡಿನಲ್ಲಿ. ಆ ಗೆರೆ ಒಂದು ಕಡೆ ಮೂರು ದಿನ ಕಡಿದಿದೆ. ಮಾರ್ಗದರ್ಶಕರು ಆಚೀಚೆಯ ದಿನಗಳಿಂದ ಅಂದಾಜು ತುಂಬಬಹುದಲ್ಲ ಅಂದರು. ಅಕ್ಕನನ್ನು ಕೇಳಿದೆ. "ಅಳದಾಕಿ ನಾ, ನೀ ಹ್ಯಾಂಗ ತುಂಬ್ತಿ?" ಅಂದರು. ಖಾಲಿಯೇ ಬಿಟ್ಟಿದ್ದೇನೆ.